ಐಟಿಸಿಯ 50 ಷೇರು 2,250 ಆಗಿದ್ದು ಹೇಗೆ: ತಾರೀಖು ಸಮೇತ ಲೆಕ್ಕ ಹಿಡಿದ ನನ್ನ ಅನುಭವ

ಸಕಲೇಶಪುರದ ನಮ್ಮ ಮಾವ 1998ರಲ್ಲಿ ಐಟಿಸಿಯ 50 ಷೇರು ತಗೊಂಡಿದ್ದರು. ಆಗ ಮುಖಬೆಲೆ 10 ರೂಪಾಯಿ. ಈಗ ಅಣ್ಣತಮ್ಮಂದಿರು ಪಾಲಾಗುವಾಗ ಈ ಷೇರಿನಿಂದ ಇಲ್ಲಿವರೆಗೆ ಎಷ್ಟು ಡಿವಿಡೆಂಡ್ ಬಂತು, ಯಾವ ವರ್ಷ ಎಷ್ಟು ಷೇರಿತ್ತು ಅನ್ನೋದು ಬೇಕಾಯಿತು. ಹಾಸನದ ಒಬ್ಬ ಸಬ್‌ಬ್ರೋಕರ್ ಹತ್ತಿರ ಕೇಳಿದಾಗ, "ಸರ್, ಅಷ್ಟು ಹಳೇ ಲೆಕ್ಕ ತಾರೀಖು ಸಮೇತ ಯಾರಿಗೂ ಸಿಗಲ್ಲ, ಅಂದಾಜಿಗೆ ಒಂದು ಮೊತ್ತ ಹಾಕ್ಕೊಳ್ಳಿ" ಅಂದರು. ಅಂದಾಜಿಗೆ ಪಾಲು ಮಾಡಿದರೆ ಜಗಳ ಆಗದೇ ಇರುತ್ತಾ? ಹಾಗಾಗಿ ನಾನೇ ಕೂತೆ. ಕೊನೆಗೆ ಲೆಕ್ಕ ಪಾಸ್‌ಬುಕ್‌ಗೆ ಸರಿಹೊಂದಿತು. ಅದಕ್ಕೇ ಬರೀತಿದ್ದೇನೆ.

ಮೊದಲು ದುಡ್ಡು ಕೊಟ್ಟು ನೋಡಿದೆ. ಒಂದು ಡೇಟಾ ಕಂಪನಿಗೆ ವರ್ಷದ ಚಂದಾ ನಾಲ್ಕೈದು ಸಾವಿರ ಕಟ್ಟಿದೆ. ಪಟ್ಟಿ ಬಂತು, ನೋಡೋಕೆ ಚೆಂದ. ಬೋನಸ್ ಅಂದರೆ ಕಂಪನಿ ಪುಕ್ಕಟೆ ಕೊಡುವ ಹೊಸ ಷೇರು, ಸ್ಪ್ಲಿಟ್ ಅಂದರೆ ಮುಖಬೆಲೆ ಇಳಿಸಿ ಒಂದು ಷೇರನ್ನು ಹಲವಾಗಿ ಒಡೆಯೋದು. ಪಟ್ಟಿಯಲ್ಲಿ ಇವುಗಳ ಅನುಪಾತ ಮತ್ತು ವರ್ಷ ಮಾತ್ರ ಇತ್ತು, ಎಕ್ಸ್-ಡೇಟ್ ಇರಲಿಲ್ಲ. ಯಾವ ದಿನದಿಂದ ಷೇರು ಕೊಂಡವರಿಗೆ ಆ ಡಿವಿಡೆಂಡ್ ಅಥವಾ ಬೋನಸ್ ಸಿಗಲ್ಲವೋ ಅದೇ ಎಕ್ಸ್-ಡೇಟ್. ಎಕ್ಸ್-ಡೇಟ್ ಇಲ್ಲದ ಪಟ್ಟಿಯಿಂದ ಡಿವಿಡೆಂಡ್ ಲೆಕ್ಕ ಮಾಡೋಕೆ ಆಗೋದೇ ಇಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಆಮೇಲೆ ಯಾಹೂ ಡೇಟಾ ಇಳಿಸಿದೆ:

```python
import yfinance as yf
print(yf.Ticker("ITC.NS").actions)
```

ಇದು ಪುಕ್ಕಟೆ, ತಾರೀಖೂ ಇರುತ್ತೆ. ಆದರೆ ಇಲ್ಲಿ ಎರಡು ವಿಷಯ ನೆನಪಿಟ್ಟುಕೊಳ್ಳಬೇಕು. ನಮ್ಮ ಬೋನಸ್ಸನ್ನೂ ಅದು ಸ್ಪ್ಲಿಟ್ ಅಂತಲೇ ತೋರಿಸುತ್ತೆ, ಅದೂ ಒಟ್ಟು ಎಷ್ಟು ಪಟ್ಟು ಆಯಿತು ಅನ್ನೋ ಲೆಕ್ಕದಲ್ಲಿ. ನಮ್ಮಲ್ಲಿ 1:2 ಬೋನಸ್ ಅಂದರೆ ಕೈಲಿರುವ ಪ್ರತಿ ಎರಡಕ್ಕೆ ಹೊಸದು ಒಂದು. ಅಲ್ಲಿ ಅದು 1.5 ಆಗಿರುತ್ತೆ. ಎರಡನೆಯದು, ಹಳೆಯ ಡಿವಿಡೆಂಡನ್ನು ಆಮೇಲೆ ಬಂದ ಬೋನಸ್, ಸ್ಪ್ಲಿಟ್‌ಗೆ ತಕ್ಕಂತೆ ಭಾಗಿಸಿ ಕೊಟ್ಟಿರುತ್ತಾರೆ.

ಹಾಗಾಗಿ ಮೂಲ ಪಟ್ಟಿಗೆ ಎಕ್ಸ್‌ಚೇಂಜ್‌ಗಳ ಕಾರ್ಪೊರೇಟ್ ಆ್ಯಕ್ಷನ್ಸ್ ಪುಟವನ್ನೇ ಹಿಡಿದೆ. ಬಿಎಸ್‌ಇಯಲ್ಲಿ ಕೋಡ್ 500875, ಎನ್‌ಎಸ್‌ಇಯಲ್ಲಿ ITC. ಎರಡನ್ನೂ ಇಳಿಸಿ ಪಕ್ಕಪಕ್ಕ ಇಟ್ಟೆ. ಷೇರಿನ ಲೆಕ್ಕ ಹೀಗೆ ಬಂತು. 2005ರ ಸೆಪ್ಟೆಂಬರ್‌ನಲ್ಲಿ ಮುಖಬೆಲೆ 10ರಿಂದ 1ಕ್ಕೆ ಇಳಿಯಿತು, 50 ಷೇರು 500 ಆಯಿತು. ಜೊತೆಗೇ 1:2 ಬೋನಸ್, 750. 2010ರ ಆಗಸ್ಟ್‌ನಲ್ಲಿ 1:1, 1,500. 2016ರ ಜುಲೈನಲ್ಲಿ ಮತ್ತೆ 1:2, 2,250.

ಈ ಪಟ್ಟಿಯಲ್ಲಿ ಏನೂ ಬಿಟ್ಟುಹೋಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳೋದು ಹೇಗೆ? ನನ್ನ ದಾರಿ ಇದು, ಇದನ್ನೇ ಯಾರೂ ನಂಬಲಿಲ್ಲ. ವಾರ್ಷಿಕ ವರದಿಯ ಬ್ಯಾಲೆನ್ಸ್ ಶೀಟ್‌ನಲ್ಲಿ ಷೇರು ಬಂಡವಾಳ ನೋಡಿ, ಮುಖಬೆಲೆಯಿಂದ ಭಾಗಿಸಿ, ಹಿಂದಿನ ವರ್ಷದ ಜೊತೆ ಹೋಲಿಸೋದು. ಬೋನಸ್ ಕೊಟ್ಟರೆ ಬಂಡವಾಳವೇ ಏರುತ್ತೆ, ಅಷ್ಟು ಮೊತ್ತ ಮೀಸಲು ನಿಧಿಯಿಂದ ಬಂದಿರುತ್ತೆ. ಸ್ಪ್ಲಿಟ್ ಆದರೆ ಬಂಡವಾಳ ಹಾಗೇ ಇರುತ್ತೆ, ಮುಖಬೆಲೆ ಮಾತ್ರ ಇಳಿಯುತ್ತೆ. ಐಟಿಸಿಯ ಬಂಡವಾಳ 2016ರ ಮಾರ್ಚ್‌ನಲ್ಲಿ ಸುಮಾರು 805 ಕೋಟಿ, ಮುಂದಿನ ಮಾರ್ಚ್‌ನಲ್ಲಿ ಸುಮಾರು 1,215 ಕೋಟಿ. 805ರ ಒಂದೂವರೆ ಪಟ್ಟು 1,207 ಚಿಲ್ಲರೆ. ಉಳಿದ ಏಳೆಂಟು ಕೋಟಿ ನೌಕರರಿಗೆ ಕೊಟ್ಟ ಷೇರು. ಅಲ್ಲಿಗೆ 1:2 ಪಕ್ಕಾ. 2005ರಲ್ಲಿ ಸುಮಾರು 248 ಕೋಟಿ ಇದ್ದದ್ದು ಮರುವರ್ಷ 375ರ ಹತ್ತಿರ ಬಂತು. ಬಂಡವಾಳ ಒಂದೂವರೆ ಪಟ್ಟು, ಮುಖಬೆಲೆ ಹತ್ತನೇ ಒಂದು, ಅಂದರೆ ಷೇರು ಹದಿನೈದು ಪಟ್ಟು. ಮಾವನ 50 ಷೇರು 750 ಆಗಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಬೈಬ್ಯಾಕ್ ಮಾಡುವ, ಅಂದರೆ ತನ್ನ ಷೇರನ್ನು ತಾನೇ ವಾಪಸ್ ಕೊಳ್ಳುವ ಕಂಪನಿಗಳಲ್ಲಿ ಬಂಡವಾಳ ಇಳಿಯುತ್ತೆ, ವಿಲೀನ ಆದರೆ ಸುಮ್ನೆ ಏರುತ್ತೆ. ಆ ವರ್ಷಗಳಲ್ಲಿ ಟಿಪ್ಪಣಿ ಪುಟ ಓದಲೇಬೇಕು.

ಇನ್ನು ಡಿವಿಡೆಂಡ್. ಜಾಸ್ತಿ ಹೊತ್ತು ಹೋಗಿದ್ದು ಇಲ್ಲೇ. 2004-05ಕ್ಕೆ ಕಂಪನಿ ಕೊಟ್ಟದ್ದು ಷೇರಿಗೆ 31 ರೂಪಾಯಿ, ಮರುವರ್ಷ 2.65. ಮಾವನ ತಮ್ಮ ಇದನ್ನು ನೋಡಿ, "ಏನಪ್ಪಾ, ಆ ವರ್ಷ ಕಂಪನಿ ಮುಳುಗಿತ್ತಾ?" ಅಂತ ಕೇಳಿದರು. ಹಳೆಯ ಪ್ರಕಟಣೆಗಳಲ್ಲಿ ಶೇಕಡಾ 310, ಶೇಕಡಾ 265 ಅಂತ ಇರುತ್ತೆ. ಶೇಕಡಾವಾರು ಯಾವಾಗಲೂ ಮುಖಬೆಲೆಯ ಮೇಲೆ. 10 ರೂಪಾಯಿಯ ಶೇಕಡಾ 310 ಅಂದರೆ 31, 1 ರೂಪಾಯಿಯ ಶೇಕಡಾ 265 ಅಂದರೆ 2.65. ಮಾವನ ಕೈಗೆ ಬಂದದ್ದು ಮೊದಲ ವರ್ಷ 50 ಷೇರಿಗೆ 1,550 ರೂಪಾಯಿ, ಮರುವರ್ಷ 750 ಷೇರಿಗೆ 1,987. ಕಮ್ಮಿಯಾಗಿಲ್ಲ, ಜಾಸ್ತಿಯಾಗಿದೆ.

2016ರ ಗಂಟು ಇದಕ್ಕಿಂತ ಬಿಗಿ. ಆ ವರ್ಷ ಷೇರಿಗೆ 8.50. ದುಡ್ಡು ಖಾತೆಗೆ ಬಂದದ್ದು ಜುಲೈನಲ್ಲಿ, ವಾರ್ಷಿಕ ಸಭೆ ಮುಗಿದ ಮೇಲೆ. ಬೋನಸ್‌ನ ಎಕ್ಸ್-ಡೇಟ್ ಜುಲೈ 1. ದುಡ್ಡು ಬಂದ ದಿನ ಡಿಮ್ಯಾಟ್ ಲೆಕ್ಕದಲ್ಲಿ 2,250 ಷೇರು ಅಂತ ಎಲ್ಲರೂ 2,250ನ್ನು 8.50ರಿಂದ ಗುಣಿಸಿ 19,125 ಅಂದರು. ಪಾಸ್‌ಬುಕ್‌ನಲ್ಲಿ ಇದ್ದದ್ದು 12,750. ಆರು ಸಾವಿರ ಎಲ್ಲಿ ಹೋಯಿತು ಅಂತ ಮನೆಯಲ್ಲಿ ದೊಡ್ಡ ಮಾತಾಯಿತು. ಎಲ್ಲೂ ಹೋಗಿರಲಿಲ್ಲ. ಡಿವಿಡೆಂಡ್‌ನ ಎಕ್ಸ್-ಡೇಟ್ ಮೇ 30. ಆ ದಿನ ಇದ್ದದ್ದು 1,500 ಷೇರು. 1,500ಕ್ಕೆ 8.50ರಂತೆ ಸರಿಯಾಗಿ 12,750. ಡಿವಿಡೆಂಡ್‌ಗೆ ಲೆಕ್ಕಕ್ಕೆ ಬರೋದು ಅದರ ಎಕ್ಸ್-ಡೇಟ್‌ಗಿಂತ ಮುಂಚೆ ಇದ್ದ ಷೇರು, ದುಡ್ಡು ಬಂದ ದಿನ ಇದ್ದದ್ದಲ್ಲ. ಯಾಹೂ ಲೆಕ್ಕದಲ್ಲಿ ಇದೇ 8.50 ಒಂದೂವರೆಯಿಂದ ಭಾಗವಾಗಿ 5.67 ಆಗುತ್ತೆ. ಅದನ್ನು ಇವತ್ತಿನ 2,250ಕ್ಕೆ ಗುಣಿಸಿದರೆ ಸರಿ, ಅವತ್ತಿನ 1,500ಕ್ಕೆ ಗುಣಿಸಿದರೆ ತಪ್ಪು. ಭಾಗಿಸಿದ ದರಕ್ಕೆ ಇವತ್ತಿನ ಷೇರು, ಮೂಲ ದರಕ್ಕೆ ಅವತ್ತಿನ ಷೇರು.

2020ರ ಏಪ್ರಿಲ್‌ನಿಂದ ಪಾಸ್‌ಬುಕ್ ಮತ್ತೆ ಹೊಂದಲಿಲ್ಲ. ಕಾರಣ ಟಿಡಿಎಸ್. 2023ರ ಫೆಬ್ರವರಿಯ ಮಧ್ಯಂತರ ಡಿವಿಡೆಂಡ್ 6 ರೂಪಾಯಿ, 2,250 ಷೇರಿಗೆ 13,500. ಶೇಕಡಾ 10 ಕಡಿತ ಆಗಿ ಖಾತೆಗೆ 12,150. ಕಡಿತದ ಮೊತ್ತ ಫಾರ್ಮ್ 26ಎಎಸ್‌ನಲ್ಲಿ ಸಿಗುತ್ತೆ, ಕೂಡಿಸಿದರೆ ಲೆಕ್ಕ ಮುಗೀತು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ, ಬೆಲೆಯಿಂದಲೇ ಬೋನಸ್ ದಿನ ಹುಡುಕೋದು. ಆಪ್‌ಗಳ ಚಾರ್ಟ್ ಇದಕ್ಕೆ ಬರಲ್ಲ, ಅದರಲ್ಲಿ ಹಳೆಯ ಬೆಲೆ ತಿದ್ದಿರುತ್ತಾರೆ. ಎಕ್ಸ್‌ಚೇಂಜ್‌ನ ಭಾವ್‌ಕಾಪಿ, ಅಂದರೆ ಆಯಾ ದಿನದ ಬೆಲೆಪಟ್ಟಿ, ತಿದ್ದಿರಲ್ಲ. 2016ರ ಜೂನ್ 30ಕ್ಕೆ ಸುಮಾರು 368 ಇದ್ದ ಬೆಲೆ ಮರುದಿನ 245ರ ಆಸುಪಾಸು. ಮೂರನೇ ಎರಡು ಭಾಗ, ಅಂದರೆ 1:2 ಬೋನಸ್. ಆದರೆ 2025ರ ಜನವರಿ 6ರಂದು ಸುಮಾರು ಶೇಕಡಾ 5 ಇಳಿದದ್ದು ಬೋನಸ್ ಅಲ್ಲ, ಐಟಿಸಿ ಹೋಟೆಲ್ಸ್ ಬೇರೆಯಾದದ್ದು. ಪ್ರತಿ ಹತ್ತಕ್ಕೆ ಒಂದು ಹೋಟೆಲ್ಸ್ ಷೇರು, ಮಾವನಿಗೆ 225. ಪಾಲಿನ ಪಟ್ಟಿಯಲ್ಲಿ ಇದನ್ನು ಯಾರೂ ಬರೆದಿರಲಿಲ್ಲ, ನಾನು ಸೇರಿಸಿದೆ.

ಎಕ್ಸ್‌ಚೇಂಜ್ ಪುಟದಲ್ಲಿ ಸಿಗದಷ್ಟು ಹಳೆಯ ವರ್ಷಗಳ ವಾರ್ಷಿಕ ವರದಿ ನನಗೆ ಎಲ್ಲಿ ಸಿಗುತ್ತೆ ಅಂತ ಇಲ್ಲಿ ಬರೆಯಲ್ಲ, ಅದು ನನ್ನ ಹತ್ತಿರವೇ ಇರಲಿ. ಈಗ ಮಾವನ ಪರಿಚಯದ ಇನ್ನೊಬ್ಬ ಬೆಳೆಗಾರರು 1994ಕ್ಕೂ ಹಿಂದಿನ ಸರ್ಟಿಫಿಕೇಟ್ ತಂದುಕೊಟ್ಟಿದ್ದಾರೆ. ಅದರ ಬಂಡವಾಳದ ಕಾಲಂ ತುಂಬುತ್ತಾ ಇದ್ದೇನೆ.