ಯೋಜನೆ ಮುಗಿಯಿತು, ಮುಕ್ತಾಯ ವರದಿ ಬರೆಯುವುದು ಹೇಗೆ?

ಮಾರ್ಚ್ ಬಂತೆಂದರೆ ಸಂಘ ಸಂಸ್ಥೆಗಳ ಕಚೇರಿಯಲ್ಲಿ ಮುಕ್ತಾಯ ವರದಿಯ ಗಡಿಬಿಡಿ ಶುರು. ಹೆಚ್ಚಿನವರು ಅದನ್ನು ದುಡ್ಡು ಕೊಟ್ಟವರಿಗೆ ತೋರಿಸಲು ಬರೆಯುತ್ತಾರೆ. ನಾಲ್ಕು ಫೋಟೊ, ಒಂದಿಷ್ಟು ಹೊಗಳಿಕೆ, ಕೊನೆಗೆ ವಂದನಾರ್ಪಣೆ. ಆದರೆ ಅದನ್ನು ಬಿಡಿಸಿ ಸಾಲು ಸಾಲು ಓದುವವರು ಮುಂದೆ ಬರುವ ತಂಡದವರು ಅಲ್ವಾ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದಲ್ಲಿ, ಮಂಡ್ಯ ತಾಲ್ಲೂಕಿನ 40 ರೈತರ ಕಬ್ಬಿಗೆ ಡ್ರಿಪ್ ಹಾಕಿಸುವ ಎರಡು ವರ್ಷದ ಯೋಜನೆ. ಮಾರ್ಚ್ 31ಕ್ಕೆ ಮುಗಿಯುತ್ತದೆ.

ಬರೆಯಲು ಕೂರುವ ಮೊದಲು, ಅಂದರೆ ಫೆಬ್ರುವರಿಯಲ್ಲೇ, ಮಂಜೂರಾದ ಮೂಲ ಯೋಜನೆಯನ್ನು ಕೈಯಲ್ಲಿ ಹಿಡಿದು ಒಂದೊಂದೇ ಗದ್ದೆಗೆ ಹೋಗಿ ಬನ್ನಿ. ಕ್ಷೇತ್ರದ ಸಿಬ್ಬಂದಿ ಬೇರೆ ಕೆಲಸ ಹಿಡಿದು ಹೋದ ಮೇಲೆ ಈ ಲೆಕ್ಕ ಯಾರಿಗೂ ಸಿಗುವುದಿಲ್ಲ.

ಫಲಿತಾಂಶದ ಪಟ್ಟಿಯಲ್ಲಿ ಗುರಿ ಎಷ್ಟು, ಆಗಿದ್ದು ಎಷ್ಟು, ಯಾವ ದಿನ ನೋಡಿದ್ದು, ಹೇಗೆ ಗೊತ್ತಾಯಿತು ಎಂಬುದಿರಲಿ. ನಮ್ಮ ಉದಾಹರಣೆಯಲ್ಲಿ 36 ಗದ್ದೆಗೆ ಡ್ರಿಪ್ ಹಾಕಿಸಿದ್ದಾಗಿದೆ. ಹೋಗಿ ನೋಡಿದ ದಿನ ನೀರು ಬಿಡುತ್ತಿದ್ದದ್ದು 29ರಲ್ಲಿ. ಎರಡೂ ಅಂಕಿ ಬರೆಯಿರಿ. 'ಶೇ 90 ಗುರಿ ಸಾಧನೆ' ಎಂದು ಸುಮ್ನೆ ಬರೆದರೆ ಸುಳ್ಳಲ್ಲ, ಆದರೆ ಓದಿದವರು ಮೋಸ ಹೋಗುತ್ತಾರೆ. ಉಳಿದ ನಾಲ್ವರಲ್ಲಿ ಇಬ್ಬರ ಪಂಪಿಗೆ ಕರೆಂಟ್ ಸಂಪರ್ಕ ಸಿಗಲಿಲ್ಲ, ಇಬ್ಬರು ಬೇಡವೆಂದರು. ಇಷ್ಟು ಕಾರಣ ಸಾಕು.

ಇಳುವರಿ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಜೂನ್, ಜುಲೈಯಲ್ಲಿ ನಾಟಿ ಮಾಡಿದ ಕಬ್ಬು ಬಲಿಯಲು ಸುಮಾರು 12 ತಿಂಗಳು ಬೇಕು. ಎರಡನೇ ವರ್ಷ ಡ್ರಿಪ್ ಹಾಕಿಸಿದ 18 ಗದ್ದೆಗಳಲ್ಲಿ ಮಾರ್ಚ್ 31ರಂದು ಕಬ್ಬು ಇನ್ನೂ ನಿಂತೇ ಇರುತ್ತದೆ. ಹಾಗಿರುವಾಗ 'ಇಳುವರಿ ಹೆಚ್ಚಿದೆ' ಎಂದು ಬರೆಯುವುದು ಹೇಗೆ? 'ಅಳತೆ ಬಾಕಿ' ಎಂದೇ ಬರೆಯಿರಿ. ಕಟಾವಾದ ಮೊದಲ ವರ್ಷದ ಗದ್ದೆಗಳಲ್ಲೂ ಒಂದು ತೊಡಕಿದೆ. ರೈತರ ಎರಡು ಎಕರೆಯಲ್ಲಿ ಒಂದಕ್ಕೆ ಮಾತ್ರ ಡ್ರಿಪ್ ಇದ್ದರೆ, ಕಾರ್ಖಾನೆಯ ತೂಕದ ಚೀಟಿಯಲ್ಲಿ ಎರಡರ ಕಬ್ಬೂ ಸೇರಿಹೋಗಿರಬಹುದು. ಆಲೆಮನೆಗೆ ಕೊಟ್ಟವರ ಬಳಿ ಚೀಟಿಯೇ ಇಲ್ಲದಿರಬಹುದು. ಲೋಡು ಬೇರೆ ಬೇರೆ ತೂಗಿಸಿದವರ ಅಂಕಿಯನ್ನಷ್ಟೇ ಕೊಟ್ಟು, ಅದು ಎಷ್ಟು ಜನರದ್ದು ಎಂದು ಪಕ್ಕದಲ್ಲೇ ಬರೆಯಿರಿ.

ಇನ್ನು ಪಾಠಗಳು. ನಿಂತುಹೋದ ಏಳು ಡ್ರಿಪ್‌ಗಳಿಂದ ಶುರುಮಾಡಿ. 'ರೈತರಿಗೆ ತರಬೇತಿ ಸಾಲದಾಯಿತು' ಎಂಬ ಸಾಲು ಎಲ್ಲ ವರದಿಯಲ್ಲೂ ಇರುತ್ತದೆ, ಯಾರಿಗೂ ಉಪಯೋಗವಿಲ್ಲ. ಏನಾಯಿತು, ಯಾಕಾಯಿತು, ಮುಂದಿನ ಸಲ ಏನು ಬದಲಿಸಬೇಕು ಎಂದು ಕೇಳುತ್ತಾ ಹೋದರೆ ಪಾಠ ಹೀಗೆ ಬರುತ್ತದೆ:

"ಐದು ಗದ್ದೆಗಳಲ್ಲಿ ಡ್ರಿಪ್ಪರ್ ಕಟ್ಟಿಕೊಂಡಿದೆ. ಐದೂ ಕಡೆ ನಾಲೆ ನೀರನ್ನು ಹೊಂಡದಲ್ಲಿ ನಿಲ್ಲಿಸಿ ಬಳಸುತ್ತಾರೆ. ಹೂಳು, ಪಾಚಿ ತಡೆಯಲು ಜಾಲರಿ ಫಿಲ್ಟರ್ ಒಂದೇ ಸಾಲಲಿಲ್ಲ. ಇಂಥ ಕಡೆ ಮರಳು ಫಿಲ್ಟರಿನ ಖರ್ಚನ್ನು ಅಂದಾಜಿನಲ್ಲೇ ಸೇರಿಸಬೇಕು. ಫಿಲ್ಟರಿನ ಹಿಂದೆ ಮುಂದೆ ಗೇಜ್ ಇರಲಿ. ಎರಡರ ನಡುವಿನ ವ್ಯತ್ಯಾಸ ಅರ್ಧ ಕೆ.ಜಿ. ಒತ್ತಡ ದಾಟಿದರೆ ತೊಳೆಯಬೇಕು. ಬೋರ್‌ವೆಲ್ ನೀರಿನ ಗದ್ದೆಗಳಲ್ಲಿ ಈ ತೊಂದರೆ ಕಾಣಲಿಲ್ಲ."

ಆ ಕೊನೆಯ ವಾಕ್ಯ ಬಿಡಬೇಡಿ. ಬಿಟ್ಟರೆ ಮುಂದಿನ ತಂಡ ಬೇಡದ ಕಡೆಗೂ ಮರಳು ಫಿಲ್ಟರ್ ಕೊಳ್ಳುತ್ತದೆ. ಇನ್ನೆರಡು ಗದ್ದೆಗಳಲ್ಲಿ ಕಟಾವಾದ ಮೇಲೆ ತರಗಿಗೆ ಬೆಂಕಿ ಹಾಕಿದಾಗ ಪೈಪು ಕರಗಿದೆ. ಪಾಠ: ಕಟಾವಿಗೆ ಮುಂಚೆಯೇ ರೈತರನ್ನು ಕಂಡು ಈ ಬೆಂಕಿಯ ವಿಷಯ ಮಾತಾಡಬೇಕು.

ಬಾಕಿ ಕೆಲಸಗಳ ಪಟ್ಟಿಗೆ ನನ್ನ ಪ್ರಕಾರ ವರದಿಯ ಅರ್ಧ ಶ್ರಮ ಹೋಗಬೇಕು. 'ಇಳುವರಿ ಮಾಹಿತಿ ಸಂಗ್ರಹಿಸಬೇಕು' ಎಂದರೆ ಯಾರೂ ಸಂಗ್ರಹಿಸುವುದಿಲ್ಲ. ಹೀಗೆ ಬರೆಯಿರಿ: "18 ಗದ್ದೆಗಳ ಕಬ್ಬಿನ ತೂಕ. ಜವಾಬ್ದಾರಿ: ಕ್ಷೇತ್ರ ಸಂಯೋಜಕರು. ಕಟಾವು ಶುರುವಾಗುವ ಮುನ್ನ, ಜೂನ್ 15ರೊಳಗೆ, ಲೋಡು ಬೇರೆ ತೂಗಿಸಲು ರೈತರಿಗೆ ಹೇಳಬೇಕು. ರೈತರ ಪಟ್ಟಿ ಕಪಾಟಿನ ಮೂರನೇ ಫೈಲಿನಲ್ಲಿದೆ. ಕಟಾವು ತಪ್ಪಿದರೆ ಈ ಅಂಕಿ ಮತ್ತೆ ಸಿಗುವುದಿಲ್ಲ."

ಗುತ್ತಿಗೆದಾರರಿಗೆ ಕೊಡದೆ ಹಿಡಿದಿಟ್ಟ ಹಣ, ಪಂಪ್ ಮತ್ತು ಫಿಲ್ಟರಿನ ವಾರಂಟಿ ಮುಗಿಯುವ ದಿನ, ರೈತರಿಗೆ ಬಾಯಲ್ಲಿ ಕೊಟ್ಟ ಮಾತು, ಇವೂ ಬಾಕಿಗಳೇ. ಬಾಯಿಮಾತು ಫೈಲಿನಲ್ಲಿರುವುದಿಲ್ಲ. ಸಿಬ್ಬಂದಿಯನ್ನು ಒಬ್ಬೊಬ್ಬರಾಗಿ ಕೂರಿಸಿ, "ಯಾರಿಗೆ ಏನು ಮಾಡಿಕೊಡ್ತೀವಿ ಅಂದಿದ್ರಿ?" ಎಂದು ಕೇಳಿ ಬರೆದುಕೊಳ್ಳಬೇಕು.

ಪಟ್ಟಿಯನ್ನು ಮೇಲ್ ಮಾಡಿ ಕೈತೊಳೆದುಕೊಳ್ಳಬೇಡಿ. ಮುಂದಿನ ತಂಡದವರ ಜೊತೆ ಆ ಏಳು ಗದ್ದೆಗಳಿಗಾದರೂ ಹೋಗಿ, ಒಂದೊಂದು ಬಾಕಿಯ ಮುಂದೆಯೂ ವಹಿಸಿಕೊಂಡವರ ಸಹಿ ಪಡೆಯಿರಿ. ಹೊಸ ತಂಡ ಇನ್ನೂ ನೇಮಕವಾಗದಿದ್ದರೆ ಕಚೇರಿಯಲ್ಲಿ ಉಳಿಯುವ ಒಬ್ಬರ ಹೆಸರಿಗೆ ಪಟ್ಟಿಯನ್ನು ಬರೆದು, ಅದನ್ನು ಮತ್ತೆ ತೆಗೆದು ನೋಡುವ ದಿನವನ್ನೂ ನಮೂದಿಸಿ. ನಮ್ಮ ಉದಾಹರಣೆಯಲ್ಲಿ ಅದು ಮೇ ತಿಂಗಳಲ್ಲೇ ಇರಬೇಕು, ಜೂನಿನ ಕಟಾವಿಗೆ ಮುಂಚೆ.