ತಂಗಿ ಲಗ್ನಪತ್ರಿಕೆನ ಯೂನಿಕೋಡಲ್ಲೇ ಮಾಡಿ ಪ್ರಿಂಟ್ ಹಾಕ್ಸಿದ ಕಥೆ

ಪ್ರೆಸ್ಸಿನವರು ಮೊದಲ್ನೇ ದಿನಾನೇ ಹೇಳಿದ್ರು, "ಸಾರ್, ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡ್ಕೊಂಡು ಬನ್ನಿ, ಯೂನಿಕೋಡ್ ಆದ್ರೆ ಒಡೆಯುತ್ತೆ". ನಮ್ಮ ಮಾವ ಬೇರೆ, ಸುಮ್ನೆ ಅವರಿಗೇ ಕೊಟ್ಬಿಡೋ ಅಂದ್ರು. ನಾನು ಕೇಳ್ಲಿಲ್ಲ. ಮೊದಲ ಸಲ ಒಡೀತು ಕೂಡ! ಪಿಡಿಎಫ್ ನನ್ನ ಲ್ಯಾಪ್‌ಟಾಪಲ್ಲಿ ಚೆನ್ನಾಗಿತ್ತು, ಅವರು ಅದನ್ನ ತಮ್ಮ ಡಿಸೈನ್ ಸಾಫ್ಟ್‌ವೇರಲ್ಲಿ ತೆಗೆದಾಗ ಅಕ್ಷರ ಎಲ್ಲಾ ಎಡಿಟ್ ಆಗೋ ಟೆಕ್ಸ್ಟ್ ಆಗಿ ಬಂತು, ಆ ಫಾಂಟ್ ಅವರ ಹತ್ರ ಇರ್ಲಿಲ್ಲ, "ಜ್ಯೇಷ್ಠ ಪುತ್ರಿ"ಯ ಒತ್ತಕ್ಷರ ಬಿಚ್ಕೊಂಡು ಪಕ್ಕಕ್ಕೆ ಕೂತ್ಕೊಂಡ್ವು. ನೋಡದೇ 50 ಕಾರ್ಡ್ ಹೊಡೆದೂ ಆಗಿತ್ತು, ಸುಮಾರು 1,200 ರೂಪಾಯಿ ನೀರಲ್ಲಿ ಹೋಮ.

ಆಮೇಲೆ ಮಾಡಿದ್ದು ಇಷ್ಟೇ. ಪುಟ ವಿನ್ಯಾಸದ ಸಾಫ್ಟ್‌ವೇರ್ ಸ್ಕ್ರೈಬಸ್ 1.6ರಲ್ಲಿ ಒಂದೇ ಫೈಲ್, ಅದರಿಂದ ಎರಡು ಪಿಡಿಎಫ್. (ಹಳೇ 1.4 ಇದ್ರೆ ಬಿಟ್ಬಿಡಿ, ಒತ್ತಕ್ಷರಾನೇ ಕೂಡಲ್ಲ.) ವಾಟ್ಸಾಪಿಗೆ ಹೋಗೋದ್ರಲ್ಲಿ ಫಾಂಟ್ ಎಂಬೆಡ್, ಪ್ರೆಸ್ಸಿಗೆ ಹೋಗೋದ್ರಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಫಾಂಟ್ಸ್ ಟ್ಯಾಬಲ್ಲಿ ಎಲ್ಲಾ ಔಟ್‌ಲೈನ್. ಆಗ ಅಕ್ಷರ ಬರೀ ಚಿತ್ರದ ಗೆರೆ, ಒಡೆಯೋಕೆ ಏನೂ ಇರಲ್ಲ. ಕಳಿಸೋ ಮುಂಚೆ ಟರ್ಮಿನಲಲ್ಲಿ ಇದನ್ನ ಓಡಿಸಿ ನೋಡ್ಕೊಳ್ಳಿ:

```
pdffonts mobile.pdf
pdffonts press.pdf
```

ಮೊದಲ್ನೇದ್ರಲ್ಲಿ emb ಕಾಲಂ ಪೂರ್ತಿ yes ಇರ್ಬೇಕು, ಎರಡನೇದ್ರಲ್ಲಿ ಒಂದೂ ಫಾಂಟ್ ಹೆಸರು ಬರಬಾರ್ದು.

ಸೈಜ್ 5×7 ಇಂಚು, ಸುತ್ತ ಕಟಿಂಗಲ್ಲಿ ಹೋಗೋ 3 ಮಿ.ಮೀ. ಬ್ಲೀಡ್, ಅಂದ್ರೆ ಹೆಚ್ಚುಕಮ್ಮಿ 133×184 ಮಿ.ಮೀ. ಬಾರ್ಡರ್‌ನ ಅಂಚಿಗೆ ತೀರಾ ಹತ್ರ ಇಟ್ಟಿದ್ದೆ, ಕಟಿಂಗ್ ಒಂಚೂರು ಸರಿದು ಎಡಗಡೆ ದಪ್ಪ ಬಲಗಡೆ ಸಣ್ಣ ಆಗೋಯ್ತು, ಈಗ 6 ಮಿ.ಮೀ. ಒಳಗಿಡ್ತೀನಿ. ಬಾರ್ಡರಿನ ರಂಗೋಲಿ ಹೆಂಗೆ ಬರೆದೆ ಅಂತ ಮಾತ್ರ ಕೇಳ್ಬೇಡಿ, ಅದು ನನ್ನ ಹತ್ರಾನೇ ಇರ್ಲಿ.

ಇನ್ನೊಂದು ತಲೆನೋವು ಹುಡುಗನ ಕೆಲಸ. "ಸಾಫ್ಟ್‌ವೇರ್" ಅಂತ ಬರೆದ್ರೆ "ಸಾಫ್ಟ್ವೇರ್" ಆಗಿ ವ ಹೋಗಿ ಟ ಕೆಳಗೆ ನೇತಾಡ್ತಿತ್ತು. ನಡುವೆ ಒತ್ತು ಕೂಡದಂಗೆ ತಡೆಯೋ ಯೂನಿಕೋಡಿನ ಕಾಣದ ಅಕ್ಷರ U+200C ಹಾಕಿದ್ಮೇಲೆ ಸರಿಹೋಯ್ತು. ವಾಟ್ಸಾಪಲ್ಲಿ ಕಳಿಸಿದ ಹೆಸರುಗಳನ್ನ ಕಾಪಿ ಮಾಡಿದ್ರೆ ಇದು ಎಷ್ಟೋ ಸಲ ಇರಲ್ಲ, ಒಂದೊಂದು ಹೆಸರೂ ಕಣ್ಣಿಟ್ಟು ಓದಿ.

ಮಧ್ಯೆ ಮಂಟಪದ ದಾರಿಗೆ ಕ್ಯೂಆರ್ ಕೋಡ್‌ನ ಚಿನ್ನದ ಬಣ್ಣದಲ್ಲಿ ಹಾಕಿ ನೋಡಿದೆ, ಕೆನೆ ಬಣ್ಣದ ಮೇಲೆ ಯಾವ ಫೋನೂ ಓದ್ಲಿಲ್ಲ, ಕಪ್ಪಿಗೇ ವಾಪಸ್ ಬಂದೆ.

350 ಕಾರ್ಡ್ ನೀಟಾಗಿ ಬಂತು, ನುಡಿ ಮುಟ್ಟಲೇ ಇಲ್ಲ! ಔಟ್‌ಲೈನ್ ಮಾಡಿದ್ಮೇಲೆ ಪ್ರೆಸ್ಸಲ್ಲಿ ಒಂದಕ್ಷರಾನೂ ತಿದ್ದೋಕಾಗಲ್ಲ ಅನ್ನೋದೊಂದೇ ಕಷ್ಟ, ಕೊನೇ ಗಳಿಗೇಲಿ ಮುಹೂರ್ತ 10.45 ಇದ್ದದ್ದು 11.05 ಆಯ್ತು ಅಂತ ರಾತ್ರಿ ಹನ್ನೊಂದಕ್ಕೆ ಎದ್ದು ಎರಡೂ ಪಿಡಿಎಫ್ ಮತ್ತೆ ತೆಗೆದೆ.