ಫಿಲ್ಟರ್ ಬಿಟ್ಟು ಉಂಡೆಗಳನ್ನೇ ತಿದ್ದಿದ್ದು: ವರ್ಣಾಂಧ ಆಟಗಾರರಿಗಾಗಿ ಮಾಡಿದ ಕೆಲಸ, ನನ್ನ ಅನುಭವ

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಕಾಣುವ ದಾರದ ಉಂಡೆಗಳನ್ನೇ ಬಳಸಿ, ಒಂದೇ ಬಣ್ಣದ ಮೂರನ್ನು ಜೋಡಿಸುವ ಮೊಬೈಲ್ ಆಟವೊಂದನ್ನು ನಾನು ಮತ್ತು ನನ್ನ ಜೊತೆಗಾರ ಯುನಿಟಿ ಎಂಬ ಗೇಮ್ ಎಂಜಿನ್‌ನಲ್ಲಿ ಕಟ್ಟಿದ್ದೇವೆ. ಅಂಥದೇ ಘಟಕದಲ್ಲಿ ಹೊಲಿಗೆ ಕೆಲಸ ಮಾಡುವ ನನ್ನ ಚಿಕ್ಕಪ್ಪನ ಮಗನಿಗೆ ಕೆಂಪು-ಹಸಿರು ವರ್ಣಾಂಧತೆ ಇದೆ. ಅವನಿಗೆ ಹಸಿರು ಮತ್ತು ಕಂದು ಉಂಡೆಗಳು ಒಂದೇ ಆಗಿ ಕಾಣುತ್ತಿದ್ದವು.

ಮೊದಲು ಸುಮಾರು ಎರಡೂವರೆ ಸಾವಿರ ರೂಪಾಯಿ ಕೊಟ್ಟು, ಇಡೀ ಪರದೆಯ ಬಣ್ಣವನ್ನು ಬದಲಿಸುವ ಸಿದ್ಧ ಫಿಲ್ಟರ್ ಒಂದನ್ನು ಕೊಂಡೆವು. ಅದು ಕೆಂಪು-ಹಸಿರಿನ ವ್ಯತ್ಯಾಸವನ್ನು ನೀಲಿಯ ಕಡೆಗೆ ತಳ್ಳುತ್ತದೆ. ಆದರೆ ಆ ಕಡೆ ನಮ್ಮ ನೀಲಿ ಮತ್ತು ನೇರಳೆ ಉಂಡೆಗಳು ಮೊದಲೇ ಇದ್ದುದರಿಂದ, ಹಸಿರಿನಿಂದ ಬೇರೆಯಾದ ಕೆಂಪು ಹೋಗಿ ನೇರಳೆಯ ಪಕ್ಕ ನಿಂತಿತು. ಮೂರು ಜಿಬಿ ರ‍್ಯಾಮ್‌ನ ಫೋನಿನಲ್ಲಿ ಸೆಕೆಂಡಿಗೆ ಅರವತ್ತಿದ್ದ ಫ್ರೇಮುಗಳು ನಲವತ್ತರ ಆಸುಪಾಸಿಗೆ ಇಳಿದವು. ಹಾಕಿದ ಹಣ ಹೋಯಿತು, ಈ ಕೆಲಸವೇ ಬೇಡವೆಂದು ಜೊತೆಗಾರ ಹೇಳಿದ.

ಆಗ ಹಿನ್ನೆಲೆಯನ್ನು ಮುಟ್ಟದೆ ಆರು ಉಂಡೆಗಳ ಬಣ್ಣವನ್ನಷ್ಟೇ, ವರ್ಣಾಂಧರಿಗೂ ಬೇರೆಬೇರೆಯಾಗಿ ಕಾಣುವಂತೆ ರೂಪಿಸಿದ ಒಕಾಬೆ-ಇಟೊ ಪ್ಯಾಲೆಟ್‌ನಿಂದ ಆರಿಸಿದೆ. ಕಿತ್ತಳೆಗೆ #E69F00, ತಿಳಿನೀಲಿಗೆ #56B4E9, ಕೆಂಪಿನ ಜಾಗಕ್ಕೆ #D55E00, ಹೀಗೆ. ಕಡುಗೆಂಪನ್ನು ಪೂರ್ತಿ ಕೈಬಿಡಲು ಕಾರಣವಿದೆ: ಕೆಂಪು ಬೆಳಕನ್ನು ಗ್ರಹಿಸುವ ಕೋಶಗಳಲ್ಲೇ ದೋಷವಿರುವ ಪ್ರೋಟಾನ್ ಬಗೆಯ ವರ್ಣಾಂಧತೆ ಇರುವವರಿಗೆ ಕೆಂಪು ಬೇರೆ ಬಣ್ಣವಾಗಿ ಕಾಣುವುದಷ್ಟೇ ಅಲ್ಲ, ಕಪ್ಪಾಗಿಯೂ ಕಾಣುತ್ತದೆ, ನಮ್ಮ ಗಾಢ ಹಿನ್ನೆಲೆಯಲ್ಲಿ ಅಂಥ ಉಂಡೆ ಕಣ್ಣಿಗೇ ಬೀಳುತ್ತಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಬಾರದೆಂಬುದು ಆಂಡ್ರಾಯ್ಡ್‌ನ ಡೆವಲಪರ್ ಆಯ್ಕೆಗಳಲ್ಲಿ `Simulate color space` ತೆರೆದು `Monochromacy` ಹಾಕಿದಾಗ ತಿಳಿಯಿತು. ಕೆಂಪು-ಹಸಿರು ವರ್ಣಾಂಧರಿಗೆ ಸ್ಪಷ್ಟವಾಗಿ ಬೇರೆಯಾಗುವ ಕಿತ್ತಳೆ ಮತ್ತು ತಿಳಿನೀಲಿ, ಹೊಳಪಿನಲ್ಲಿ ಹೆಚ್ಚುಕಡಿಮೆ ಸಮವಾದ್ದರಿಂದ, ಬೂದು ಪರದೆಯಲ್ಲಿ ಒಂದಾಗಿಬಿಟ್ಟವು. ಆದ್ದರಿಂದ ಪ್ರತಿ ಉಂಡೆಗೂ ದಾರ ಸುತ್ತಿದ ರೀತಿಯನ್ನೇ ಗುರುತಾಗಿ ಕೊಟ್ಟೆ: ಒಂದಕ್ಕೆ ಅಡ್ಡಗೆರೆ, ಇನ್ನೊಂದಕ್ಕೆ ಓರೆಗೆರೆ, ಮತ್ತೊಂದಕ್ಕೆ ಜಾಲಿ. ಚಿಕ್ಕ ಪರದೆಯಲ್ಲಿ ಈ ಗೆರೆಗಳು ಕಲಸಿಹೋಗದಂತೆ ದಪ್ಪವನ್ನು ಹೊಂದಿಸಿದ ಬಗೆಯನ್ನು ಮಾತ್ರ ನಾನು ಇಲ್ಲಿ ಹೇಳುವುದಿಲ್ಲ. ಅದು ನನಗೆ ಬಹಳ ದಿನಗಳ ನಂತರ ದಕ್ಕಿದ್ದು.

ನಡುವೆ ಒಂದೇ ಕೈಯಲ್ಲಿ ಆಡಬಲ್ಲ ವಿನ್ಯಾಸವನ್ನೂ ಪ್ರಯತ್ನಿಸಿದೆ. ಹಿಡಿದ ಕೈಗೆ ತಕ್ಕಂತೆ ಗುಂಡಿಗಳನ್ನು ಎಡ-ಬಲ ತಿರುಗಿಸುವುದಕ್ಕಿಂತ, ಅವನ್ನೆಲ್ಲ ಪರದೆಯ ಕೆಳಗಿನ ಮೂರನೆಯ ಒಂದು ಭಾಗಕ್ಕೆ ಇಳಿಸಿದ್ದೇ ಹೆಚ್ಚು ಉಪಯೋಗಕ್ಕೆ ಬಂತು. ಸಬ್‌ಟೈಟಲ್‌ನಲ್ಲಿ ಮಾತಿನ ಜೊತೆಗೆ ಸಮಯ ಮುಗಿಯುತ್ತಿರುವ ಟಿಕ್‌ಟಿಕ್ ಸದ್ದನ್ನೂ ಬರೆದು ತೋರಿಸುತ್ತೇವೆ.

ಗೆರೆಗಳಿಂದ ಅಂದ ಕೆಡುತ್ತದೆ ಎಂದಿದ್ದ ಜೊತೆಗಾರನೇ, ಮಧ್ಯಾಹ್ನದ ಬಿಸಿಲಿನಲ್ಲಿ ಬಣ್ಣಗಳು ಮಂಕಾದಾಗ ತನಗೂ ಗೆರೆಗಳೇ ನೆರವಾದುದನ್ನು ಕಂಡು, ಅವನ್ನು ಎಲ್ಲರಿಗೂ ಮೊದಲಿನಿಂದಲೇ ಆನ್ ಇಡಲು ಒಪ್ಪಿದ. ಚಿಕ್ಕಪ್ಪನ ಮಗ ಈಗ ಯಾರನ್ನೂ ಕೇಳದೆ ಐವತ್ತನೆಯ ಹಂತ ದಾಟಿದ್ದಾನೆ. ನೀಲಿ-ಹಳದಿ ಗೊಂದಲವಿರುವವರಿಗೆ ಇದು ಹೇಗೆ ಒಗ್ಗುತ್ತದೆ ಎಂಬುದನ್ನು ಫೋನಿನ ಅನುಕರಣೆಯಲ್ಲಷ್ಟೇ ನೋಡಿದ್ದೇನೆ. ಅಂಥ ಆಟಗಾರರೊಬ್ಬರ ಕೈಗೆ ಫೋನು ಕೊಟ್ಟು ಪರೀಕ್ಷಿಸುವುದು ಬಾಕಿ ಇದೆ.